ಕೈಗಾದ ಇಂಧನ ಕಂತೆಯಲ್ಲಿ ಹುಟ್ಟುವ ಪ್ಲುಟೋನಿಯಮ್

ಬೆಂಗಳೂರಿನ ನಾಯಂಡಹಳ್ಳಿಯ ಒಂದು ಮನೆಯಲ್ಲಿ ಸಂಜೆ ದೀಪ ಹಾಕುತ್ತಾರೆ ಎಂದುಕೊಳ್ಳಿ. ಆ ವಿದ್ಯುತ್ತು ಯಾವ ಸ್ಥಾವರದಿಂದ ಬಂತೆಂದು ಬೇರ್ಪಡಿಸಿ ಹೇಳಲಾಗದು. ಜಲ, ಕಲ್ಲಿದ್ದಲು, ಗಾಳಿ, ಬಿಸಿಲು, ಪರಮಾಣು ಎಲ್ಲವೂ ಒಂದೇ ಜಾಲದಲ್ಲಿ ಬೆರೆತಿರುತ್ತವೆ. ಆದರೆ ಅಲ್ಲಿಂದ ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಸ್ಥಾವರದ ಪಾಲು ಅದರಲ್ಲಿ ಇದೆ. ಕೈಗಾದ ರಿಯಾಕ್ಟರಿಗೆ ಹಾಕುವ ಇಂಧನ ಯಾವುದು ಎಂದು ಕೇಳಿದರೆ ವಿದ್ಯಾರ್ಥಿಗಳು ಥಟ್ಟನೆ ‘ಯುರೇನಿಯಮ್’ ಎನ್ನುತ್ತಾರೆ. ಅದು ಸರಿ. ಅಲ್ಲಿ ಉರಿಯುವ ಇಂಧನ ಯಾವುದು ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸರಳವಲ್ಲ. ಅಲ್ಲಿ ಬಿಡುಗಡೆಯಾಗುವ ಶಾಖದಲ್ಲಿ ಐದರಲ್ಲಿ ಎರಡು ಪಾಲಿನಷ್ಟು, ಇಂಧನವನ್ನು ಒಳಗೆ ಹಾಕಿದ ದಿನ ಅದರಲ್ಲಿ ಇಲ್ಲವೇ ಇಲ್ಲದ ಒಂದು ಧಾತುವಿನಿಂದ ಬರುತ್ತದೆ. ಆ ಧಾತು ಪ್ಲುಟೋನಿಯಮ್. ಈ ಮಾತನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿಲ್ಲ. ಒಂದೇ ಒಂದು ಇಂಧನ ಕಂತೆಯ ಜಮಾ-ಖರ್ಚು ಬರೆದರೆ ಸಾಕು.

ಒಂದು ಕಂತೆಯ ಲೆಕ್ಕ

ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ರಿಯಾಕ್ಟರುಗಳಿವೆ. ಇವೆಲ್ಲ ಭಾರಜಲವನ್ನು ಮಂದಕವಾಗಿಯೂ ಶೀತಕವಾಗಿಯೂ ಬಳಸುವ ಬಗೆಯವು. ಪ್ರತಿಯೊಂದು ರಿಯಾಕ್ಟರಿನಲ್ಲಿ ಅಡ್ಡಲಾಗಿ ಮಲಗಿಸಿದ 306 ಕೊಳವೆಗಳಿದ್ದು, ಒಂದೊಂದರಲ್ಲೂ ಸಾಲಾಗಿ 12 ಇಂಧನ ಕಂತೆಗಳಿರುತ್ತವೆ. ಕಂತೆಯೆಂದರೆ ಸುಮಾರು ಅರ್ಧ ಮೀಟರ್ ಉದ್ದದ 19 ಜಿರ್ಕೋನಿಯಮ್ ಮಿಶ್ರಲೋಹದ ನಳಿಕೆಗಳ ಕಟ್ಟು. ನಳಿಕೆಗಳೊಳಗೆ ಯುರೇನಿಯಮ್ ಡೈಆಕ್ಸೈಡಿನ ಬಿಲ್ಲೆಗಳನ್ನು ತುಂಬಿರುತ್ತಾರೆ. ಒಂದು ಕಂತೆಯಲ್ಲಿರುವ ಯುರೇನಿಯಮ್ ಸುಮಾರು 13.4 ಕಿಲೋಗ್ರಾಂ.

ಇದು ನೈಸರ್ಗಿಕ ಯುರೇನಿಯಮ್. ಅಂದರೆ ಗಣಿಯಿಂದ ಬಂದ ಪ್ರಮಾಣದಲ್ಲಿಯೇ ಎರಡು ಸಮಸ್ಥಾನಿಗಳು (ಐಸೋಟೋಪುಗಳು) ಇದರಲ್ಲಿವೆ. ಪರಮಾಣುಗಳನ್ನು ಎಣಿಸಿದರೆ ಒಂದು ಯುರೇನಿಯಮ್-235ಕ್ಕೆ 138 ಯುರೇನಿಯಮ್-238. ನಿಧಾನ ನ್ಯೂಟ್ರಾನ್ ಬಡಿದಾಗ ಒಡೆಯುವುದು 235 ಮಾತ್ರ. ತೂಕದಲ್ಲಿ ಅದು ಶೇಕಡ 0.71. ಹಾಗಾದರೆ ನಮ್ಮ ಕಂತೆಯಲ್ಲಿ ಅದರ ಮೊತ್ತ ಸುಮಾರು 95 ಗ್ರಾಂ.

ಈಗ ಖರ್ಚಿನ ಕಡೆ ನೋಡೋಣ. ಇಂತಹ ರಿಯಾಕ್ಟರುಗಳಲ್ಲಿ ಒಂದು ಟನ್ ಯುರೇನಿಯಮ್, ಹೊರತೆಗೆಯುವ ಹೊತ್ತಿಗೆ, ಸರಾಸರಿ 6,700 ಮೆಗಾವಾಟ್-ದಿನಗಳಷ್ಟು ಶಾಖ ಕೊಟ್ಟಿರುತ್ತದೆ. ನಮ್ಮ ಕಂತೆಯ ಪಾಲಿಗೆ ಇದು 90 ಮೆಗಾವಾಟ್-ದಿನ. ಒಂದು ವಿದಳನದಲ್ಲಿ ಸುಮಾರು 200 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ ಎಂಬುದು ಪಠ್ಯಪುಸ್ತಕದಲ್ಲಿಯೇ ಇದೆ. ಅದರಿಂದ ಗುಣಿಸಿ ಭಾಗಿಸಿದರೆ, ಒಂದು ಮೆಗಾವಾಟ್-ದಿನ ಶಾಖಕ್ಕೆ 1.05 ಗ್ರಾಂ ವಸ್ತು ಒಡೆಯಬೇಕೆಂದು ತಿಳಿಯುತ್ತದೆ. ತರಗತಿಯಲ್ಲಿ ಈ ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಬಹುದು. ಅಂದಮೇಲೆ 90 ಮೆಗಾವಾಟ್-ದಿನಕ್ಕೆ ಒಡೆದಿರಬೇಕಾದದ್ದು ಸುಮಾರು 95 ಗ್ರಾಂ.

ಒಳಗೆ ಹಾಕಿದ ಯುರೇನಿಯಮ್-235 ಕೂಡ 95 ಗ್ರಾಂ. ಲೆಕ್ಕ ಸರಿಹೋಯಿತು ಎಂದು ಪುಸ್ತಕ ಮುಚ್ಚುವ ಮುನ್ನ ಹೊರಬಂದ ಕಂತೆಯನ್ನು ನೋಡಬೇಕು. ಅದರಲ್ಲಿ ಇನ್ನೂ ಶೇಕಡ 0.25ರಷ್ಟು, ಅಂದರೆ 33 ಗ್ರಾಂನಷ್ಟು ಯುರೇನಿಯಮ್-235 ಉಳಿದೇ ಇರುತ್ತದೆ! ಖರ್ಚಾದದ್ದು 62 ಗ್ರಾಂ ಮಾತ್ರ. ಅದರಲ್ಲೂ ಎಲ್ಲವೂ ಒಡೆದಿಲ್ಲ. ಸುಮಾರು ಏಳರಲ್ಲಿ ಒಂದು ಪಾಲು ನ್ಯೂಟ್ರಾನನ್ನು ನುಂಗಿ, ಒಡೆಯದೆ ಯುರೇನಿಯಮ್-236 ಆಗಿ ಕುಳಿತಿರುತ್ತದೆ. ಹೀಗೆ ಯುರೇನಿಯಮ್-235ರಿಂದ ಒಡೆದದ್ದು 53 ಗ್ರಾಂ. ಇನ್ನುಳಿದ 42 ಗ್ರಾಂ ಎಲ್ಲಿಂದ ಬಂತು?

ಇದರಲ್ಲಿ ಸುಮಾರು 5 ಗ್ರಾಂ, ಆಗತಾನೆ ಹುಟ್ಟಿದ ವೇಗದ ನ್ಯೂಟ್ರಾನುಗಳು ಯುರೇನಿಯಮ್-238ನ್ನೇ ನೇರವಾಗಿ ಒಡೆದದ್ದು. ಮಿಕ್ಕ 37 ಗ್ರಾಂ ಪ್ಲುಟೋನಿಯಮ್. ಇಷ್ಟೂ ಸಾಲದೆಂಬಂತೆ, ಹೊರಬಂದ ಕಂತೆಯಲ್ಲಿ ಇನ್ನೂ 47 ಗ್ರಾಂನಷ್ಟು ಪ್ಲುಟೋನಿಯಮ್ ಒಡೆಯದೆ ಉಳಿದಿರುತ್ತದೆ. ಎರಡನ್ನೂ ಕೂಡಿದರೆ, ಒಂದು ಕಂತೆಯ ಜೀವಿತಾವಧಿಯಲ್ಲಿ ಸುಮಾರು 84 ಗ್ರಾಂ ಪ್ಲುಟೋನಿಯಮ್ ಹುಟ್ಟಿದೆ. ಇವೆಲ್ಲ ಅಂದಾಜು ಅಂಕಿಗಳು. ಕಂತೆ ರಿಯಾಕ್ಟರಿನ ನಡುವೆ ಇತ್ತೋ ಅಂಚಿನಲ್ಲಿತ್ತೋ ಎಂಬುದರ ಮೇಲೆ ಇವು ಹೆಚ್ಚುಕಡಿಮೆ ಆಗುತ್ತವೆ. ಆದರೆ ಲೆಕ್ಕದ ಹುರುಳು ಬದಲಾಗುವುದಿಲ್ಲ.

ಹಿಡಿದರೂ ಒಡೆಯದ ನ್ಯೂಕ್ಲಿಯಸ್

ಈ 84 ಗ್ರಾಂ ಹುಟ್ಟಿದ್ದು ಯುರೇನಿಯಮ್-238ರಿಂದ. ಅದು ನಿಧಾನ ನ್ಯೂಟ್ರಾನಿಗೆ ಒಡೆಯುವುದಿಲ್ಲ, ಹಾಗೆಂದು ನ್ಯೂಟ್ರಾನನ್ನು ಬಿಟ್ಟುಬಿಡುವುದೂ ಇಲ್ಲ. ಸೆರೆಹಿಡಿಯುತ್ತದೆ.

ಏಕೆ ಒಡೆಯುವುದಿಲ್ಲ? ನ್ಯೂಕ್ಲಿಯಸ್ಸಿನೊಳಗೆ ಒಂದು ನ್ಯೂಟ್ರಾನ್ ಹೊಸದಾಗಿ ಸೇರಿದಾಗ ಅದರ ಬಂಧನ ಶಕ್ತಿ ಬಿಡುಗಡೆಯಾಗಿ ನ್ಯೂಕ್ಲಿಯಸ್ ಅಲುಗಾಡುತ್ತದೆ. ಈ ಅಲುಗಾಟ ಒಂದು ಮಿತಿಯನ್ನು ದಾಟಿದರೆ ಅದು ಎರಡು ಹೋಳಾಗುತ್ತದೆ. ಯುರೇನಿಯಮ್ಮಿನ ಆಸುಪಾಸಿನಲ್ಲಿ ಆ ಮಿತಿ ಸುಮಾರು 6 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ನ್ಯೂಟ್ರಾನುಗಳು ನ್ಯೂಕ್ಲಿಯಸ್ಸಿನೊಳಗೆ ಜೋಡಿಜೋಡಿಯಾಗಿದ್ದರೆ ಹೆಚ್ಚು ಬಿಗಿಯಾಗಿರುತ್ತವೆ. ಯುರೇನಿಯಮ್-235ರಲ್ಲಿ 143 ನ್ಯೂಟ್ರಾನುಗಳು, ಅಂದರೆ ಒಂದು ಒಂಟಿ. ಹೊಸದಾಗಿ ಬಂದದ್ದು ಈ ಒಂಟಿಗೆ ಜೊತೆಯಾಗುವುದರಿಂದ 6.5 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಬಿಡುಗಡೆಯಾಗುತ್ತದೆ. ಮಿತಿ ದಾಟಿತು. ಯುರೇನಿಯಮ್-238ರಲ್ಲಿ 146 ನ್ಯೂಟ್ರಾನುಗಳು ಆಗಲೇ ಜೋಡಿಯಾಗಿವೆ. ಹೊಸದು ಬಂದು ಒಂಟಿಯಾಗಿ ನಿಲ್ಲಬೇಕು. ಬಿಡುಗಡೆಯಾಗುವುದು 4.8 ಮಾತ್ರ. ಮಿತಿಗೆ ಒಂದಕ್ಕೂ ಹೆಚ್ಚು ಕಡಮೆ ಬಿತ್ತು. ನ್ಯೂಕ್ಲಿಯಸ್ ಆ ಶಕ್ತಿಯನ್ನು ಗಾಮಾ ಕಿರಣಗಳಾಗಿ ಹೊರಚೆಲ್ಲಿ ಯುರೇನಿಯಮ್-239 ಆಗಿ ನೆಲೆನಿಲ್ಲುತ್ತದೆ. ಇನ್ನೂ ಒಂದು ದಶಲಕ್ಷಕ್ಕೂ ಮಿಕ್ಕಿದ ಚಲನಶಕ್ತಿಯೊಂದಿಗೆ ಬಂದ ನ್ಯೂಟ್ರಾನ್ ಮಾತ್ರ ಈ ಕೊರತೆಯನ್ನು ತುಂಬಬಲ್ಲದು. ಹಿಂದೆ ಹೇಳಿದ 5 ಗ್ರಾಂ ಅಂತಹವುಗಳ ಕೆಲಸ.

ನೆಲೆನಿಲ್ಲುತ್ತದೆ ಎಂದೆನಾದರೂ ಈ ಯುರೇನಿಯಮ್-239ರ ಬಾಳು ಬಹಳ ಚಿಕ್ಕದು. 92 ಪ್ರೋಟಾನುಗಳಿಗೆ 147 ನ್ಯೂಟ್ರಾನುಗಳೆಂದರೆ ನ್ಯೂಟ್ರಾನುಗಳ ಪ್ರಮಾಣ ಮಿತಿಮೀರಿದೆ. ಹಾಗಾಗಿ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಬದಲಾಗುತ್ತದೆ. ಆಗ ಒಂದು ಎಲೆಕ್ಟ್ರಾನೂ ಒಂದು ಪ್ರತಿನ್ಯೂಟ್ರಿನೋ ಕೂಡ ಹುಟ್ಟಿ ಹೊರಗೆ ಹಾರುತ್ತವೆ. ಇದೇ ಬೀಟಾ ಕ್ಷಯ. ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನಲ್ಲಿ ಮೊದಲೇ ಕುಳಿತಿತ್ತು ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರು ಈಗಲೂ ಕಡಮೆಯಿಲ್ಲ. ಅದು ಆ ಕ್ಷಣದಲ್ಲಿ ಹುಟ್ಟುತ್ತದೆ, ಒಳಗೆ ಇರುವುದಿಲ್ಲ. ಇಡೀ ಸರಣಿಯನ್ನು ಹೀಗೆ ಬರೆಯಬಹುದು:

²³⁸U + n → ²³⁹U + γ
²³⁹U → ²³⁹Np + e⁻ + ν̄ (ಅರ್ಧಾಯು 23.5 ನಿಮಿಷ)
²³⁹Np → ²³⁹Pu + e⁻ + ν̄ (ಅರ್ಧಾಯು 2.36 ದಿನ)

ಮೊದಲ ಸಾಲಿನಲ್ಲಿ ರಾಶಿ ಸಂಖ್ಯೆ 238ರಿಂದ 239ಕ್ಕೆ ಏರಿತು, ಧಾತು ಬದಲಾಗಲಿಲ್ಲ. ಮುಂದಿನ ಎರಡು ಸಾಲುಗಳಲ್ಲಿ ರಾಶಿ ಸಂಖ್ಯೆ ಅಲ್ಲಾಡಲಿಲ್ಲ, ಧಾತು ಎರಡು ಬಾರಿ ಬದಲಾಯಿತು: 92ರಿಂದ 93, 93ರಿಂದ 94. ಎರಡೇ ಹೆಜ್ಜೆಗೆ ನಿಂತದ್ದೇಕೆ, 95ಕ್ಕೆ ಏಕೆ ಹೋಗಲಿಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ರಾಶಿ ಸಂಖ್ಯೆ 239 ಇರುವ ನ್ಯೂಕ್ಲಿಯಸ್ಸುಗಳಲ್ಲಿ ಅತ್ಯಂತ ಹಗುರವಾದದ್ದು ಪ್ಲುಟೋನಿಯಮ್. ಅಲ್ಲಿಂದ ಅಮೆರಿಸಿಯಮ್-239ಕ್ಕೆ ಹೋಗಬೇಕಾದರೆ ರಾಶಿ ಹೆಚ್ಚಬೇಕು, ಅದಕ್ಕೆ ಶಕ್ತಿ ಇಲ್ಲ. ಆದ್ದರಿಂದ ಪ್ಲುಟೋನಿಯಮ್-239 ಬೀಟಾ ಕ್ಷಯಕ್ಕೆ ಒಳಗಾಗದೆ, ಬಹಳ ನಿಧಾನವಾಗಿ ಆಲ್ಫಾ ಕಣವನ್ನು ಉಗುಳುತ್ತದೆ. ಅದರ ಅರ್ಧಾಯು ಸುಮಾರು 24,100 ವರ್ಷ. ಅದರಲ್ಲಿರುವ ನ್ಯೂಟ್ರಾನುಗಳು 145, ಮತ್ತೆ ಬೆಸಸಂಖ್ಯೆ. ಒಂಟಿ ನ್ಯೂಟ್ರಾನ್ ಜೊತೆಗಾರನಿಗೆ ಕಾಯುತ್ತಿದೆ. ಅದಕ್ಕೇ ಅದು ಯುರೇನಿಯಮ್-235ರಂತೆ ನಿಧಾನ ನ್ಯೂಟ್ರಾನಿಗೂ ಒಡೆಯುತ್ತದೆ.

ಹಾರಿಹೋಗದೆ ಉಳಿದ ಚಟುವಟಿಕೆ

ಈ ಸರಣಿ ಪತ್ತೆಯಾದ ಬಗೆಯನ್ನು ಇಲ್ಲಿ ಹೇಳಲೇಬೇಕು. ವಿದಳನ ಪತ್ತೆಯಾದ ಕೆಲವೇ ತಿಂಗಳಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಎಡ್ವಿನ್ ಮೆಕ್‌ಮಿಲನ್ ಯುರೇನಿಯಮ್ಮಿನ ತೆಳುವಾದ ಲೇಪದ ಮೇಲೆ ನ್ಯೂಟ್ರಾನುಗಳನ್ನು ಬೀಳಿಸಿದರು. ವಿದಳನದ ಹೋಳುಗಳು ಭಾರಿ ವೇಗದಿಂದ ಚಿಮ್ಮುವುದರಿಂದ ತೆಳು ಲೇಪವನ್ನು ಬಿಟ್ಟು ಪಕ್ಕದ ಹಾಳೆಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಆದರೆ ಎರಡು ಬಗೆಯ ವಿಕಿರಣ ಚಟುವಟಿಕೆಗಳು ಮಾತ್ರ ಲೇಪದಲ್ಲಿಯೇ ಉಳಿದುವು. ಒಂದರ ಅರ್ಧಾಯು 23 ನಿಮಿಷ, ಇನ್ನೊಂದರದು ಎರಡು ದಿನಕ್ಕಿಂತ ತುಸು ಹೆಚ್ಚು. ಚಿಮ್ಮಲಿಲ್ಲವೆಂದರೆ ಅವು ಹೋಳುಗಳಲ್ಲ, ಇಡೀ ನ್ಯೂಕ್ಲಿಯಸ್ಸುಗಳು. ಎಷ್ಟು ಸರಳವಾದ ತರ್ಕ!

ಎರಡನೆಯದು ಹೊಸ ಧಾತುವೆಂದು ತೋರಿಸಲು ರಸಾಯನಶಾಸ್ತ್ರ ಬೇಕಾಯಿತು. 1940ರ ಮೇ ತಿಂಗಳಲ್ಲಿ ಫಿಲಿಪ್ ಏಬಲ್‌ಸನ್ ಮೆಕ್‌ಮಿಲನ್ನರ ಜೊತೆ ಸೇರಿದರು. ಆ ಚಟುವಟಿಕೆ ಅಪಕರ್ಷಿತ ಸ್ಥಿತಿಯಲ್ಲಿ ಫ್ಲೋರೈಡಿನೊಂದಿಗೆ ಒತ್ತರಿಸುತ್ತದೆ, ಉತ್ಕರ್ಷಿಸಿದರೆ ದ್ರಾವಣದಲ್ಲಿಯೇ ಉಳಿಯುತ್ತದೆ ಎಂದು ಕಂಡುಬಂತು. ವಿರಳ ಭಸ್ಮ ಧಾತುಗಳು ಹೀಗೆ ವರ್ತಿಸುವುದಿಲ್ಲ. 23 ನಿಮಿಷದ ಯುರೇನಿಯಮ್ ಕರಗುತ್ತ ಹೋದಂತೆ ಎರಡು ದಿನದ ಚಟುವಟಿಕೆ ಅದರಿಂದಲೇ ಬೆಳೆಯುತ್ತಿತ್ತು. 93ನೆಯ ಧಾತು ನೆಪ್ಚೂನಿಯಮ್ ಸಿಕ್ಕಿತು. ಅದರ ಮಗಳು 94ನೆಯ ಧಾತು ನಿಧಾನ ನ್ಯೂಟ್ರಾನಿಗೆ ಒಡೆಯುತ್ತದೆಂಬುದನ್ನು ಕೆನಡಿ, ಸೀಬೋರ್ಗ್, ಸೆಗ್ರೆ ಮತ್ತು ವಾಲ್ 1941ರ ಮಾರ್ಚಿಯಲ್ಲಿ ಸ್ಥಾಪಿಸಿದರು.

ಮೂರು ಕೆರೆಗಳು

ಮತ್ತೆ ಕೈಗಾಕ್ಕೆ ಬರೋಣ. ಕಂತೆಯೊಳಗೆ ಈ ಮೂರೂ ವಸ್ತುಗಳು ಒಂದೇ ಸಮಯದಲ್ಲಿ ಎಷ್ಟೆಷ್ಟು ಇರುತ್ತವೆ? ಒಂದರ ಕೆಳಗೊಂದು ಇರುವ ಮೂರು ಕೆರೆಗಳನ್ನು ನೆನೆಯಿರಿ. ಮೇಲಿನ ಕೆರೆಯ ತೂಬಿನಿಂದ ಹೊರಟ ನೀರು ನಡುವಿನ ಕೆರೆಗೆ, ಅದರ ತೂಬಿನಿಂದ ಕೆಳಗಿನ ಕೆರೆಗೆ. ಕೆರೆಯಲ್ಲಿ ನೀರು ಹೆಚ್ಚಾದಷ್ಟೂ ತೂಬಿನ ಹರಿವು ಹೆಚ್ಚುತ್ತದೆ. ಬರುವಷ್ಟೇ ಹೋಗತೊಡಗಿದಾಗ ಮಟ್ಟ ಸ್ಥಿರವಾಗುತ್ತದೆ. ಮೇಲಿನ ಕೆರೆ ಯುರೇನಿಯಮ್-239, ಅದರ ತೂಬು ಬಲು ದೊಡ್ಡದು. ನಡುವಿನದು ನೆಪ್ಚೂನಿಯಮ್, ತೂಬು ಕಿರಿದು. ಕೆಳಗಿನದು ಪ್ಲುಟೋನಿಯಮ್, ಅದರ ಕ್ಷಯದ ತೂಬು ಮುಚ್ಚಿದಂತೆಯೇ ಸರಿ.

ರಿಯಾಕ್ಟರಿನ ಒಟ್ಟು ಶಾಖ ಸುಮಾರು 750 ಮೆಗಾವಾಟ್, ಕಂತೆಗಳು 3,672. ಒಂದು ಕಂತೆಗೆ ಸರಾಸರಿ 200 ಕಿಲೋವಾಟಿನಷ್ಟು ಬೀಳುತ್ತದೆ. 90 ಮೆಗಾವಾಟ್-ದಿನ ಮುಗಿಯಲು 430ರಿಂದ 440 ದಿನ ಬೇಕು. ಈ ಅವಧಿಯಲ್ಲಿ 84 ಗ್ರಾಂ ಹುಟ್ಟಬೇಕಾದರೆ ದಿನಕ್ಕೆ ಸರಾಸರಿ 0.19 ಗ್ರಾಂ. ನೆಪ್ಚೂನಿಯಮ್ ನ್ಯೂಕ್ಲಿಯಸ್ಸಿನ ಸರಾಸರಿ ಆಯುಸ್ಸು 3.4 ದಿನ (ಅರ್ಧಾಯುವನ್ನು 0.693ರಿಂದ ಭಾಗಿಸಿದರೆ ಬರುವುದು). ಹಾಗಾಗಿ ನಡುವಿನ ಕೆರೆಯಲ್ಲಿ ಯಾವಾಗಲೂ 0.65 ಗ್ರಾಂನಷ್ಟು ನೆಪ್ಚೂನಿಯಮ್ ನಿಂತಿರುತ್ತದೆ. ಮೇಲಿನ ಕೆರೆಯಲ್ಲಿ ಯುರೇನಿಯಮ್-239 ಐದು ಮಿಲಿಗ್ರಾಂಗೂ ಕಡಮೆ.

ಒಂದು ಕಂತೆಗೆ 0.65 ಗ್ರಾಂ ಎಂದರೆ ಇಡೀ ರಿಯಾಕ್ಟರಿಗೆ 2.4 ಕಿಲೋಗ್ರಾಂ. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ರಿಯಾಕ್ಟರನ್ನು ನಿಲ್ಲಿಸಿದರೆ ಹೊಸ ಸೆರೆ ನಿಲ್ಲುತ್ತದೆ, ಆದರೆ ನಡುವಿನ ಕೆರೆ ಖಾಲಿಯಾಗುತ್ತಲೇ ಇರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಆ 2.4 ಕಿಲೋಗ್ರಾಂನಲ್ಲಿ ಹೆಚ್ಚುಕಡಮೆ ಎಲ್ಲವೂ ಪ್ಲುಟೋನಿಯಮ್ ಆಗಿರುತ್ತದೆ. ನಿಂತಿದ್ದ ರಿಯಾಕ್ಟರಿನಲ್ಲಿ ಇಂಧನ ಬೆಳೆದಿದೆ! ಮತ್ತೆ ಚಾಲನೆ ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಅದೇ ದಿನಗಳಲ್ಲಿ ನ್ಯೂಟ್ರಾನ್ ನುಂಗುವ ಸಮೇರಿಯಮ್-149 ಕೂಡ ಸೇರಿಕೊಂಡು ಎದುರು ದಿಕ್ಕಿಗೆ ಎಳೆಯುತ್ತದೆ, ಹಾಗಾಗಿ ಎರಡನ್ನೂ ಕೂಡಿಸಿ ಕಳೆಯಬೇಕಾಗುತ್ತದೆ.

ಥೋರಿಯಮ್ಮಿನಿಂದ ಯುರೇನಿಯಮ್-233 ತಯಾರಿಸುವುದೂ ಇದೇ ಬಗೆಯ ಸರಣಿ: ಒಂದು ಸೆರೆ, ಎರಡು ಬೀಟಾ ಕ್ಷಯ. ಅಲ್ಲಿ ನಡುವಿನ ಕೆರೆ ಪ್ರೊಟಾಕ್ಟಿನಿಯಮ್-233. ಅದರ ಅರ್ಧಾಯು 27 ದಿನ. ಅಷ್ಟು ದಿನ ನ್ಯೂಟ್ರಾನುಗಳ ಮಳೆಯಲ್ಲಿ ನಿಂತಾಗ ಅದು ಇನ್ನೊಂದು ನ್ಯೂಟ್ರಾನನ್ನು ನುಂಗಿ ಕೆಟ್ಟುಹೋಗುವ ಸಂಭವ ಹೆಚ್ಚು. ಈ ದೃಷ್ಟಿಯಿಂದ ನೆಪ್ಚೂನಿಯಮ್ಮಿನ ಎರಡೂಕಾಲು ದಿನ ನಮ್ಮ ಪುಣ್ಯವೆಂದೇ ಹೇಳಬೇಕು.

ಒಂದಕ್ಕೆ ಎಷ್ಟು?

ಒಂದು ಯುರೇನಿಯಮ್-235 ಖರ್ಚಾದರೆ ಎಷ್ಟು ಪ್ಲುಟೋನಿಯಮ್ ಹುಟ್ಟುತ್ತದೆ? ಇದನ್ನು ಅಂದಾಜು ಮಾಡಲು ಪ್ರತಿ ನ್ಯೂಕ್ಲಿಯಸ್ ನ್ಯೂಟ್ರಾನಿಗೆ ಎಷ್ಟು ಅಗಲದ ಗುರಿಯಾಗಿ ಕಾಣುತ್ತದೆ ಎಂಬುದು ತಿಳಿದಿರಬೇಕು. ಇದರ ಮಾನ ‘ಬಾರ್ನ್’. ನಿಧಾನ ನ್ಯೂಟ್ರಾನಿಗೆ ಯುರೇನಿಯಮ್-235ರ ಒಟ್ಟು ಗುರಿ 684 ಬಾರ್ನ್, ಅದರಲ್ಲಿ ವಿದಳನದ ಪಾಲು 585. ಯುರೇನಿಯಮ್-238 ಸೆರೆಯ ಗುರಿ 2.7 ಬಾರ್ನ್ ಮಾತ್ರ. ಆದರೆ ಅದು 138 ಪಟ್ಟು ಸಂಖ್ಯೆಯಲ್ಲಿದೆ. 138ನ್ನು 2.7ರಿಂದ ಗುಣಿಸಿದರೆ ಸುಮಾರು 370. ಅಂದರೆ 684 ನ್ಯೂಟ್ರಾನುಗಳು ಯುರೇನಿಯಮ್-235ಕ್ಕೆ ಹೋದಾಗ 370 ಯುರೇನಿಯಮ್-238ಕ್ಕೆ ಹೋಗುತ್ತವೆ. ಅನುಪಾತ 0.54.

ಇಷ್ಟೇ ಆಗಿದ್ದರೆ ನಮ್ಮ 84 ಗ್ರಾಂ ಹುಟ್ಟುತ್ತಿರಲಿಲ್ಲ. ನ್ಯೂಟ್ರಾನ್ ಹುಟ್ಟುವಾಗ ವೇಗವಾಗಿರುತ್ತದೆ, ಭಾರಜಲದಲ್ಲಿ ಬಡಿದಾಡಿ ನಿಧಾನವಾಗುತ್ತದೆ. ಹಾಗೆ ಇಳಿಯುತ್ತ ಬರುವಾಗ ಕೆಲವು ನಿರ್ದಿಷ್ಟ ಶಕ್ತಿಗಳಲ್ಲಿ ಯುರೇನಿಯಮ್-238 ಬಾಯಿತೆರೆದು ಕುಳಿತಿರುತ್ತದೆ. 6.7 ಎಲೆಕ್ಟ್ರಾನ್ ವೋಲ್ಟಿನ ಬಳಿ ಅದರ ಗುರಿ ಸಾವಿರಾರು ಬಾರ್ನ್‌ಗಳಿಗೆ ಹಿಗ್ಗುತ್ತದೆ. ಇದನ್ನು ಅನುರಣನ ಸೆರೆ ಎನ್ನುತ್ತಾರೆ. ಇಂಧನವನ್ನು ನಳಿಕೆಗಳಲ್ಲಿ ತುಂಬಿ ಕಂತೆ ಕಟ್ಟಿ, ನಡುವೆ ಭಾರಜಲಕ್ಕೆ ಜಾಗ ಬಿಡುವುದು ಈ ಅಪಾಯದ ವಲಯವನ್ನು ನ್ಯೂಟ್ರಾನ್ ಇಂಧನದ ಹೊರಗೆ ದಾಟಲಿ ಎಂದೇ. ಆದರೂ ಕೆಲವು ಸಿಕ್ಕಿಬೀಳುತ್ತವೆ. ಯುರೇನಿಯಮ್-235 ಒಂದಕ್ಕೆ ಇನ್ನೊಂದು ಕಾಲು ಪಾಲಿನಷ್ಟು ಹೀಗೆ ಸೇರುತ್ತದೆ. ಒಟ್ಟು ಅನುಪಾತ ಹೊಸ ಇಂಧನದಲ್ಲಿ 0.8ರ ಆಸುಪಾಸಿಗೆ ಬರುತ್ತದೆ.

ಒಂದು ಹೋಗಿ 0.8 ಬಂದರೆ ಇಂಧನ ಮೊದಲ ದಿನದಿಂದಲೇ ಬಡವಾಗಬೇಕಲ್ಲವೇ? ಎಲ್ಲ ಕಂತೆಗಳೂ ಹೊಸದಾಗಿರುವ ರಿಯಾಕ್ಟರಿನಲ್ಲಿ ಹಾಗಾಗುವುದಿಲ್ಲ. ಮೊದಲ ಕೆಲವು ದಿನಗಳ ಇಳಿತದ ನಂತರ ಅದರ ಸಾಮರ್ಥ್ಯ ಏರತೊಡಗಿ, ಪೂರ್ಣ ಶಕ್ತಿಯ ಸುಮಾರು 40-50 ದಿನಗಳಲ್ಲಿ ಒಂದು ಶಿಖರ ಮುಟ್ಟುತ್ತದೆ. ಇದಕ್ಕೆ ಪ್ಲುಟೋನಿಯಮ್ ಶಿಖರವೆಂದೇ ಹೆಸರು. ಕಾರಣ ಪ್ಲುಟೋನಿಯಮ್-239 ಯುರೇನಿಯಮ್-235ಕ್ಕಿಂತ ದೊಡ್ಡ ಗುರಿ (ಒಟ್ಟು 1,019 ಬಾರ್ನ್, ವಿದಳನಕ್ಕೆ 748) ಮತ್ತು ಒಂದು ವಿದಳನಕ್ಕೆ ಅದು ಕೊಡುವ ನ್ಯೂಟ್ರಾನುಗಳೂ ಹೆಚ್ಚು: 2.43ರ ಬದಲು 2.88. ಕೊಟ್ಟದ್ದರಲ್ಲಿ ನುಂಗಿದ್ದನ್ನು ಕಳೆದರೆ ಯುರೇನಿಯಮ್-235ರ ನಿವ್ವಳ ಲಾಭ 737, ಪ್ಲುಟೋನಿಯಮ್-239ರದು 1,135. ಇದರ 0.8 ಪಾಲು 908. ಹೋದ ಒಂದಕ್ಕಿಂತ ಬಂದ ಹನ್ನೆರಡಾಣೆ ಚಿಲ್ಲರೆಯೇ ಹೆಚ್ಚು ತೂಗಿತು. ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಬೀಟಾ ಕ್ಷಯ ಕಣ್ಣಿಗೆ ಕಾಣುವುದು ಹೀಗೆ.

ಆ ಏರಿಕೆ ಬಹುಕಾಲ ನಿಲ್ಲುವುದಿಲ್ಲ. ವಿದಳನದ ಹೋಳುಗಳು ಕೂಡುತ್ತ ನ್ಯೂಟ್ರಾನುಗಳನ್ನು ಕದಿಯುತ್ತವೆ. ಪ್ಲುಟೋನಿಯಮ್-239 ಕೂಡ ಪ್ರತಿ ಸಲ ಒಡೆಯುವುದಿಲ್ಲ. ನಾಲ್ಕರಲ್ಲಿ ಒಂದು ಬಾರಿಗಿಂತ ತುಸು ಹೆಚ್ಚಾಗಿ ನ್ಯೂಟ್ರಾನನ್ನು ನುಂಗಿ ಪ್ಲುಟೋನಿಯಮ್-240 ಆಗುತ್ತದೆ. ಅದು ನಿಧಾನ ನ್ಯೂಟ್ರಾನಿಗೆ ಒಡೆಯದು. ಇನ್ನೊಂದನ್ನು ನುಂಗಿ 241 ಆದಮೇಲೆ ಮತ್ತೆ ಒಡೆಯಬಲ್ಲದು. ಕಂತೆ ಒಳಗಿದ್ದಷ್ಟು ದಿನ ಈ ಬೆರಕೆ ಹೆಚ್ಚುತ್ತದೆ. ಹೊರಬಂದ ಪ್ಲುಟೋನಿಯಮ್ಮಿನಲ್ಲಿ 239ರ ಪಾಲು ಮೂರನೆಯ ಎರಡರಷ್ಟು ಮಾತ್ರ. ಕೊನೆಗೆ ಕಂತೆ ಕೊಡುವ ನ್ಯೂಟ್ರಾನುಗಳಿಗಿಂತ ನುಂಗುವುದೇ ಹೆಚ್ಚಾಗುತ್ತದೆ. ಆಗ ರಿಯಾಕ್ಟರನ್ನು ನಿಲ್ಲಿಸದೆ, ಕೊಳವೆಯ ಒಂದು ತುದಿಯಿಂದ ಹೊಸ ಕಂತೆಗಳನ್ನು ತಳ್ಳಿ ಇನ್ನೊಂದು ತುದಿಯಿಂದ ಹಳೆಯವನ್ನು ತೆಗೆಯುತ್ತಾರೆ. ದಿನಕ್ಕೆ ಸರಾಸರಿ ಎಂಟು ಕಂತೆ. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಬರೆದದ್ದು ಇದರಿಂದಾಗಿಯೇ ಸಾಧ್ಯವಾಯಿತು. ಆ ಓಟದಲ್ಲಿ ಒಳಗಿನ ಇಂಧನವೆಲ್ಲ ಎರಡು ಸುತ್ತಿಗೂ ಮಿಕ್ಕಿ ಬದಲಾಗಿದೆ. ಓಟ ಮುಗಿಸಿದ ಕಂತೆಗಳಲ್ಲಿ ಒಂದೂ ಓಟ ಆರಂಭಿಸಿದ್ದಲ್ಲ!

ಒಂದು ಕಂತೆಯ ಶಾಖದಲ್ಲಿ ಶೇಕಡ 29ರಷ್ಟು ವಿದ್ಯುತ್ತಾಗುತ್ತದೆಂದು ಹಿಡಿದರೆ ಸುಮಾರು 6.3 ಲಕ್ಷ ಯೂನಿಟ್. ಇದರಲ್ಲಿ ಪ್ಲುಟೋನಿಯಮ್ಮಿನ ಪಾಲು 2.4 ಲಕ್ಷ ಯೂನಿಟ್. ನಾಯಂಡಹಳ್ಳಿಯ ಆ ಮನೆ ತಿಂಗಳಿಗೆ 100 ಯೂನಿಟ್ ಬಳಸಿದರೆ ಇನ್ನೂರು ವರ್ಷಗಳ ಬಳಕೆ.

ಉಳಿದ 47 ಗ್ರಾಂ

ಹೊರಬಂದ ಕಂತೆಯಲ್ಲಿ 95 ಗ್ರಾಂ ಮಾತ್ರ ಒಡೆದಿದೆ, ಅಂದರೆ ಯುರೇನಿಯಮ್ಮಿನ ಶೇಕಡ ಒಂದಕ್ಕಿಂತಲೂ ಕಡಮೆ. ಯುರೇನಿಯಮ್-238 ಬಹುಪಾಲು ಹಾಗೆಯೇ ಇದೆ. ಅದನ್ನೆಲ್ಲ ಕೈಗಾದಂತಹ ರಿಯಾಕ್ಟರಿನಲ್ಲಿಯೇ ಪ್ಲುಟೋನಿಯಮ್ ಮಾಡಿ ಉರಿಸಬಾರದೇಕೆ? ಹುಟ್ಟಿದ ನ್ಯೂಟ್ರಾನುಗಳ ಬಜೆಟ್ ಸಾಲುವುದಿಲ್ಲ. ನಿಧಾನ ನ್ಯೂಟ್ರಾನೊಂದನ್ನು ನುಂಗಿದ ಪ್ಲುಟೋನಿಯಮ್-239, ಒಡೆಯದ ಸಂದರ್ಭಗಳನ್ನೂ ಸೇರಿಸಿ, ಸರಾಸರಿ 2.11 ನ್ಯೂಟ್ರಾನುಗಳನ್ನು ಮರಳಿಸುತ್ತದೆ. ಒಂದು ಸರಪಳಿ ಮುಂದುವರಿಯಲು ಬೇಕು. ಇನ್ನೊಂದು ಹೋದ ಪ್ಲುಟೋನಿಯಮ್ಮಿನ ಬದಲು ಹೊಸದನ್ನು ಹುಟ್ಟಿಸಲು ಬೇಕು. ಉಳಿದ 0.11ರಲ್ಲಿ ಸೋರಿಕೆ, ಕೊಳವೆಯ ಲೋಹ, ವಿದಳನದ ಹೋಳುಗಳು ಎಲ್ಲವೂ ಪಾಲು ಕೇಳುತ್ತವೆ. ಸಾಧ್ಯವಿಲ್ಲ.

ಮಂದಕವನ್ನೇ ತೆಗೆದುಹಾಕಿ ನ್ಯೂಟ್ರಾನುಗಳು ವೇಗವಾಗಿಯೇ ಇರುವಂತೆ ನೋಡಿಕೊಂಡರೆ ಪ್ಲುಟೋನಿಯಮ್ ಸುಮ್ಮನೆ ನುಂಗುವುದು ಕಡಮೆಯಾಗಿ, ಮರಳಿ ಬರುವ ನ್ಯೂಟ್ರಾನುಗಳು ಎರಡೂವರೆಯ ಸಮೀಪಕ್ಕೆ ಏರುತ್ತವೆ. ಆಗ ಹೋದದ್ದಕ್ಕಿಂತ ಹೆಚ್ಚು ಹುಟ್ಟಿಸಬಹುದು. ಬ್ರೀಡರ್ ರಿಯಾಕ್ಟರ್ ಎಂದರೆ ಇದೇ. ಬೆಲೆಯೂ ಇದೆ: ವೇಗದ ನ್ಯೂಟ್ರಾನಿಗೆ ಎಲ್ಲ ನ್ಯೂಕ್ಲಿಯಸ್ಸುಗಳೂ ಒಂದೆರಡು ಬಾರ್ನ್‌ಗಳ ಚಿಕ್ಕ ಗುರಿಗಳೇ. ಆದ್ದರಿಂದ ಸರಪಳಿ ನಡೆಯಲು ಇಂಧನದಲ್ಲಿ ಪ್ಲುಟೋನಿಯಮ್ ದಟ್ಟವಾಗಿರಬೇಕು. ನೀರು ನ್ಯೂಟ್ರಾನನ್ನು ನಿಧಾನಗೊಳಿಸುವುದರಿಂದ ಶೀತಕವಾಗಿ ದ್ರವ ಸೋಡಿಯಮ್ ಬಳಸಬೇಕು. ಕಲ್ಪಾಕ್ಕಮ್ಮಿನಲ್ಲಿ 1985ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಚಿಕ್ಕ ಪರೀಕ್ಷಾ ರಿಯಾಕ್ಟರಿನ ಮೊದಲ ಇಂಧನದಲ್ಲಿ ಶೇಕಡ 70ರಷ್ಟು ಪ್ಲುಟೋನಿಯಮ್ ಕಾರ್ಬೈಡ್ ಇತ್ತು. ಅಷ್ಟು ಪ್ಲುಟೋನಿಯಮ್ ಭೂಮಿಯಲ್ಲಿ ಅಗೆದರೆ ಸಿಗದು. ಭಾರಜಲ ರಿಯಾಕ್ಟರುಗಳ ಹಳೆಯ ಕಂತೆಗಳಿಂದಲೇ ಒಂದೊಂದರಲ್ಲಿ 47 ಗ್ರಾಂನಂತೆ ಕೂಡಿಡಬೇಕು. ಸದಾ ನಡೆಯುವ 220 ಮೆಗಾವಾಟಿನ ಒಂದು ಘಟಕದಲ್ಲಿ ವರ್ಷಕ್ಕೆ ನೂರು ಕಿಲೋಗ್ರಾಂಗೂ ಹೆಚ್ಚು ಸಿಗಬಹುದು.

ಕೂಡಿಡುವುದು ಸುಲಭದ ಮಾತಲ್ಲ. ಹೊರತೆಗೆದ ಕಂತೆಯನ್ನು ಮೊದಲು ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ. ನೆಪ್ಚೂನಿಯಮ್ ಒಂದು ತಿಂಗಳಲ್ಲಿ ಮುಗಿದುಹೋಗುತ್ತದೆ, ಆದರೆ ವಿದಳನದ ಹೋಳುಗಳ ವಿಕಿರಣ ಮತ್ತು ಶಾಖ ಇಳಿಯಲು ವರ್ಷಗಳು ಬೇಕು. ಆಮೇಲೆ ದಪ್ಪ ಗೋಡೆಗಳ ಹಿಂದೆ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಟ್ರೈಬ್ಯೂಟೈಲ್ ಫಾಸ್ಫೇಟ್ ಬೆರೆಸಿದ ಸೀಮೆಎಣ್ಣೆಯಂತಹ ದ್ರಾವಕದೊಂದಿಗೆ ಕಲಕುತ್ತಾರೆ. ಯುರೇನಿಯಮ್ಮೂ ಪ್ಲುಟೋನಿಯಮ್ಮೂ ದ್ರಾವಕಕ್ಕೆ ಹೋಗುತ್ತವೆ, ಹೋಳುಗಳು ಆಮ್ಲದಲ್ಲಿ ಉಳಿಯುತ್ತವೆ. ಬಳಿಕ ಪ್ಲುಟೋನಿಯಮ್ಮನ್ನು ಮಾತ್ರ ನಾಲ್ಕರ ವೇಲೆನ್ಸಿಯಿಂದ ಮೂರಕ್ಕೆ ಅಪಕರ್ಷಿಸಿದರೆ ಅದು ಯುರೇನಿಯಮ್ಮನ್ನು ಬಿಟ್ಟು ಆಮ್ಲಕ್ಕೆ ಮರಳುತ್ತದೆ. ಏಬಲ್‌ಸನ್ 1940ರಲ್ಲಿ ಕಣ್ಣಿಗೆ ಕಾಣದಷ್ಟು ನೆಪ್ಚೂನಿಯಮ್ಮನ್ನು ಬೇರೆಮಾಡಲು ಬಳಸಿದ್ದೂ ಇದೇ ಬಗೆಯ ಯುಕ್ತಿ: ನ್ಯೂಕ್ಲಿಯಸ್ಸಿನಲ್ಲಿ ಆದ ಬದಲಾವಣೆಯನ್ನು ಹೊರಗಿನ ಎಲೆಕ್ಟ್ರಾನುಗಳ ರಸಾಯನದಿಂದ ಹಿಡಿಯುವುದು.